ತರಗತಿಯಲ್ಲಿ ಹೇನು: ಪಾಲಕರಿಗೊಂದು ಚೀಟಿ
ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಯಾವುದೇ ತರಗತಿಯಲ್ಲಿ ಹೇನು ಕಂಡರೆ ಪಾಲಕರಿಗೆ ಕಳಿಸುವ ಚೀಟಿಯಲ್ಲಿ ಮಗುವಿನ ಹೆಸರು ಬೇಡ, ಇಷ್ಟಿದ್ದರೆ ಸಾಕು: ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ದಿನಾ ಎರೆದುಕೊಳ್ಳುವ ಮಗುವಿಗೂ ಹತ್ತುತ್ತದೆ. ಕಿವಿಯ ಹಿಂದೆ, ಹೆಡಕಿನ ಮೇಲೆ ಕೂದಲು ಬಿಡಿಸಿ ನೋಡಿ. ಬೆರಳಿನಿಂದ ಜಾಡಿಸಿದರೆ ಉದುರುವುದು ಹೊಟ್ಟು, ಕೂದಲಿಗೆ ಅಂಟಿಕೊಂಡೇ ಇರುವುದು ಸೀರು. ಒದ್ದೆ ಕೂದಲನ್ನು ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲವೂ ಹಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ. ವೈದ್ಯರನ್ನು ಕೇಳಿ ಶೇ. 1ರ ಪರ್ಮೆಥ್ರಿನ್ ಹಚ್ಚಿದರೆ 10 ನಿಮಿಷ ಬಿಟ್ಟು ತೊಳೆಯಿರಿ. ಈ ಔಷಧಿಗೆ ಸೀರು ಸಾಯುವುದಿಲ್ಲ. ಅದು ವಾರದ ಹೊತ್ತಿಗೆ ಒಡೆದು ಮರಿಯಾಗುವುದರಿಂದ 9ನೇ ದಿನ ಮತ್ತೆ ಹಚ್ಚಬೇಕು. ಸೀಮೆಎಣ್ಣೆ ಹಚ್ಚುವುದು ಅಪಾಯ. ಮಗುವಿಗೆ ಶಾಲೆ ಬಿಡಿಸುವ ಅಗತ್ಯವಿಲ್ಲ.