ಸಂಗೀತ ವಿಚಾರ: ಉಪನ್ಯಾಸದಿಂದ ಸ್ವರಪತ್ರಕ್ಕೆ

ಥಾಟುಗಳ ವಿಷಯವಾಗಿ ಒಂದು ತಾಸಿನ ಉಪನ್ಯಾಸವನ್ನು ಕೇಳಿದವರಿಗೆ ಮರುದಿನ ಹೆಸರುಗಳು ನೆನಪಿರುತ್ತವೆ, ಸ್ವರಗಳು ಮಾತ್ರ ಮರೆತುಹೋಗುತ್ತವೆ. ಅದನ್ನೇ ಒಂದು ಹಾಳೆಯಲ್ಲಿ ಅಳವಡಿಸಿಕೊಂಡರೆ ದೇವರ ಹಿಪ್ಪರಗಿಯಂಥ ಊರಿನಲ್ಲಿ ಪೇಟಿಯೊಂದಿರುವ ಮನೆಯವರೂ ತಾವೇ ಕಿವಿಯನ್ನು ಪಳಗಿಸಿಕೊಳ್ಳಬಹುದು.

ಪಂಡಿತ ಭಾತಖಂಡೆಯವರು (1860–1936) ಹಿಂದುಸ್ತಾನೀ ರಾಗಗಳನ್ನು 10 ಥಾಟುಗಳಲ್ಲಿ ವಿಂಗಡಿಸಿದರು. ಅವುಗಳಲ್ಲಿ ಆರನ್ನು ಮಾತ್ರ ಮೊದಲ ಹಾಳೆಗೆ ಆರಿಸಿಕೊಳ್ಳಬೇಕು. ಏಕೆಂದರೆ ಇವುಗಳನ್ನು ಒಂದರ ಕೆಳಗೊಂದು ಬರೆದರೆ ಸಾಲಿನಿಂದ ಸಾಲಿಗೆ ಒಂದೇ ಸ್ವರವು ಬದಲಾಗುತ್ತದೆ.

ಕಲ್ಯಾಣ: ಮ ತೀವ್ರ
ಬಿಲಾವಲ: ಎಲ್ಲವೂ ಶುದ್ಧ
ಖಮಾಜ: ನಿ ಕೋಮಲ
ಕಾಫಿ: ಗ, ನಿ ಕೋಮಲ
ಆಸಾವರಿ: ಗ, ಧ, ನಿ ಕೋಮಲ
ಭೈರವಿ: ರೇ, ಗ, ಧ, ನಿ ಕೋಮಲ

ಪ್ರತಿ ಸಾಲಿನ ಎದುರಿಗೆ ಸಾ, ಗ, ಪ ಎಂಬ ಮೂರು ಸ್ವರಗಳ ಗುಚ್ಛವನ್ನು ಬರೆಯಿರಿ. ಪಾಶ್ಚಾತ್ಯರು ಇದನ್ನೇ ಕಾರ್ಡ್ ಎನ್ನುವರು. ಕರಿ-ಬಿಳಿ ಪಟ್ಟಿಗಳೆರಡನ್ನೂ ಎಣಿಸಿದರೆ ಸಾದಿಂದ ಮೇಲಕ್ಕೆ ಶುದ್ಧ ಗ ನಾಲ್ಕನೆಯದು, ಕೋಮಲ ಗ ಮೂರನೆಯದು, ಪ ಏಳನೆಯದು. ಮೊದಲ ಮೂರು ಥಾಟುಗಳಲ್ಲಿ ಗುಚ್ಛವು ಶುದ್ಧ ಗದ್ದು, ಉಳಿದ ಮೂರರಲ್ಲಿ ಕೋಮಲ ಗದ್ದು.

ಹಾಳೆಯ ಹಿಂಬದಿಗೆ ಕಿವಿಯ ಪ್ರಶ್ನೆಗಳು. ಒಬ್ಬರು ಗುಚ್ಛವನ್ನು ನುಡಿಸಿ, ಬಳಿಕ ಆ ಥಾಟಿನ ಆರೋಹವನ್ನು ನುಡಿಸಬೇಕು. ಕಲಿಯುವವರು ಪೇಟಿಗೆ ಬೆನ್ನು ಮಾಡಿ ಕುಳಿತಿರಬೇಕು. ಮೊದಲ ಪ್ರಶ್ನೆ: ಗ ಶುದ್ಧವೋ, ಕೋಮಲವೋ? ಶುದ್ಧವಾದರೆ, ಮ ತೀವ್ರವೇ? ಹೌದಾದರೆ ಕಲ್ಯಾಣ, ಅಲ್ಲವಾದರೆ ನಿಯನ್ನು ಕೇಳಿ, ಕೋಮಲವಿದ್ದರೆ ಖಮಾಜ, ಇಲ್ಲದಿದ್ದರೆ ಬಿಲಾವಲ. ಗ ಕೋಮಲವಾದರೆ, ಧವನ್ನು ಕೇಳಿ: ಅದು ಶುದ್ಧವಿದ್ದರೆ ಕಾಫಿ. ಅದೂ ಕೋಮಲವಾದರೆ ರೇಯನ್ನು ನೋಡಿ, ಶುದ್ಧವಾದರೆ ಆಸಾವರಿ, ಕೋಮಲವಾದರೆ ಭೈರವಿ. ಹೀಗೆ ಮೂರು ಪ್ರಶ್ನೆಗಳಲ್ಲಿ ಆರೂ ತಿಳಿಯುತ್ತವೆ.

ಹಾಳೆಯ ಕ್ರಮದಲ್ಲಿಯೇ ನುಡಿಸುತ್ತ ಹೋದರೆ ಕಲಿಯುವವರು ಕೇಳದೆ ಊಹಿಸುವರು, ಕ್ರಮವನ್ನು ಕಲಸಬೇಕು. ಯಾವಾಗಲೂ ಒಂದೇ ಪಟ್ಟಿಯನ್ನು ಸಾ ಮಾಡಿಕೊಂಡರೆ ಅಂತರದ ಬದಲು ಆ ಪಟ್ಟಿಯ ನಾದವೇ ನೆನಪಾಗುತ್ತದೆ. ಇಂದು ಬಿಳಿ ಒಂದು, ನಾಳೆ ಕರಿ ಒಂದು ಎಂದು ಬದಲಿಸಿದಾಗ ಉತ್ತರಗಳು ತಪ್ಪತೊಡಗಿದರೆ ಈ ದೋಷವಿದೆ ಎಂದು ತಿಳಿಯಬೇಕು.

ಪೇಟಿಗೂ ಒಂದು ಮಿತಿಯುಂಟು. ಅದರ 12 ಸ್ವರಗಳನ್ನು ಸಮಾನವಾಗಿ ಹಂಚಿ ಕೂಡಿಸಿರುವುದರಿಂದ ಅದರ ಶುದ್ಧ ಗ, ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಕ್ಕಿಂತ ಒಂದು ಪಟ್ಟಿಯ ಅಂತರದ ಸುಮಾರು ಏಳನೆಯ ಒಂದು ಭಾಗದಷ್ಟು ಏರಿರುತ್ತದೆ. ಆದ್ದರಿಂದ ಥಾಟನ್ನು ಗುರುತಿಸಲು ಪೇಟಿ ಸಾಕು. ಹಾಡುವ ಗಕ್ಕೆ ತಂಬೂರಿಯೇ ಒರೆಗಲ್ಲು.

ಇನ್ನು ಹಾಳೆಯು ರಾಗವನ್ನು ಹೇಳಲಾರದು. ಭೂಪಾಲಿಗೂ ದೇಶಕಾರಕ್ಕೂ ಸಾ ರೇ ಗ ಪ ಧ ಎಂಬ ಸ್ವರಗಳೇ ಇವೆ. ಮೊದಲಿನದು ಗದ ಮೇಲೆ ನಿಲ್ಲುತ್ತದೆ, ಎರಡನೆಯದು ಧದ ಮೇಲೆ. ಈ ಭೇದವನ್ನು ಕೋಷ್ಟಕದಲ್ಲಿ ಬರೆಯಲಾಗದು, ಹಾಡಿಯೇ ಕಲಿಯಬೇಕು. ಉಳಿದ ನಾಲ್ಕು ಥಾಟುಗಳಾದ ಭೈರವ, ಮಾರವಾ, ಪೂರ್ವಿ, ತೋಡಿಗಳಿಗೆ ಎರಡನೆಯ ಹಾಳೆಯನ್ನು ಮೀಸಲಿಡಿರಿ.