ಟಗರಿಗೆ ಕೊಂಬು, ತಂಗಿಗೇಕಿಲ್ಲ? ಬೋಳುತಲೆಯ ಗುಟ್ಟೂ ಇಲ್ಲೇ ಇದೆ

ಸಂಡೂರಿನ ಗುಡ್ಡಗಳ ಬುಡದಲ್ಲೋ ಹೊಸಪೇಟೆ–ಕಂಪ್ಲಿ ರಸ್ತೆಯಲ್ಲೋ ಕುರಿಹಿಂಡು ಎದುರಾದರೆ ತಲೆಗಳನ್ನು ಗಮನಿಸಿ. ಈ ಸೀಮೆಯ ಬಳ್ಳಾರಿ ತಳಿಯಲ್ಲಿ ಸುಮಾರು ಮೂರರಲ್ಲೊಂದು ಟಗರಿಗೆ ಕೊಂಬಿರುತ್ತದೆ, ಹೆಣ್ಣು ಕುರಿಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾದರೆ ಕೊಂಬಿನ ವಂಶವಾಹಿ ಹೆಣ್ಣಿನಲ್ಲಿ ಇರುವುದೇ ಇಲ್ಲವೇ?

ಇದಕ್ಕೆ ಉತ್ತರ 1905ರಲ್ಲಿ ಇಂಗ್ಲೆಂಡಿನ ವುಡ್ ಪ್ರಕಟಿಸಿದ ಪ್ರಯೋಗದಲ್ಲಿದೆ. ಗಂಡು ಹೆಣ್ಣು ಎರಡಕ್ಕೂ ಕೊಂಬಿರುವ ಡಾರ್ಸೆಟ್ ಕುರಿಯನ್ನು, ಎರಡಕ್ಕೂ ಕೊಂಬಿಲ್ಲದ ಸಫೋಕ್ ಜೊತೆ ಕೂಡಿಸಲಾಯಿತು. ಪ್ರತಿ ಮರಿಗೂ ಕೊಂಬಿನ ವಂಶವಾಹಿಯ ಒಂದು ಪ್ರತಿ ಸಿಕ್ಕಿತು. ಆದರೆ ಗಂಡುಮರಿಗಳಿಗೆ ಕೊಂಬು ಬಂತು, ಹೆಣ್ಣುಮರಿಗಳಿಗೆ ಬರಲಿಲ್ಲ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ನಾಲ್ಕರಲ್ಲಿ ಒಂದಕ್ಕೆ ಎರಡು ಪ್ರತಿ, ಎರಡಕ್ಕೆ ಒಂದೊಂದು ಪ್ರತಿ ಸಿಗಬೇಕು, ಒಂದಕ್ಕೆ ಏನೂ ಸಿಗಬಾರದು. ಗಂಡುಗಳಲ್ಲಿ ನಾಲ್ಕಕ್ಕೆ ಮೂರು ಕೊಂಬಿನವು, ಹೆಣ್ಣುಗಳಲ್ಲಿ ನಾಲ್ಕಕ್ಕೆ ಒಂದು ಮಾತ್ರ.

ಅಂದರೆ ಒಂದೇ ವಂಶವಾಹಿ ಗಂಡಿನಲ್ಲಿ ಪ್ರಬಲ, ಹೆಣ್ಣಿನಲ್ಲಿ ದುರ್ಬಲ. ಪ್ರಾಬಲ್ಯ ವಂಶವಾಹಿಗೆ ಅಂಟಿಕೊಂಡ ಗುಣವಲ್ಲ. ಒಂದೇ ಪ್ರತಿ ಸಾಕೋ ಸಾಲದೋ ಎಂಬುದು ಅದು ಕೆಲಸ ಮಾಡುವ ದೇಹದ ಹಾರ್ಮೋನನ್ನೂ ಅವಲಂಬಿಸಿದೆ. ಕೆಲವು ತಳಿಗಳಲ್ಲಿ ಎಳೆಯದರಲ್ಲೇ ಬೀಜ ಒಡೆಸಿದರೆ ಟಗರಿನ ಕೊಂಬಿನ ಬೆಳವಣಿಗೆ ನಿಲ್ಲುತ್ತದೆ. ಇಂಥದ್ದು ಲಿಂಗಪ್ರಭಾವಿತ ಗುಣ.

ಲಿಂಗಸೀಮಿತ ಗುಣ ಬೇರೆ. ಹೋರಿ ಹಾಲು ಕೊಡುವುದಿಲ್ಲ, ಆದರೆ ಹೆಚ್ಚು ಹಾಲಿನ ವಂಶವಾಹಿಗಳನ್ನು ಮಗಳಿಗೆ ದಾಟಿಸುತ್ತದೆ. ಅದಕ್ಕೇ ಹೋರಿಯ ಬೆಲೆಯನ್ನು ಅದರ ಹೆಣ್ಣುಕರುಗಳು ಬೆಳೆದು ಕರೆಯುವ ಹಾಲಿನಿಂದ ಅಳೆಯುತ್ತಾರೆ. ಗುರುತು ಸುಲಭ: ವಂಶವಾಹಿಯ ಎರಡು ಪ್ರತಿ ಇದ್ದಾಗಲಾದರೂ ಇನ್ನೊಂದು ಲಿಂಗದಲ್ಲಿ ಗುಣ ಕಾಣಿಸಿದರೆ ಅದು ಪ್ರಭಾವಿತ, ಎಷ್ಟಿದ್ದರೂ ಕಾಣಿಸದಿದ್ದರೆ ಸೀಮಿತ.

ಈಗ ಬೋಳುತಲೆಗೆ ಬರೋಣ. ಪ್ರಾಯಕ್ಕೆ ಮುಂಚೆ ವೃಷಣ ಕಳೆದುಕೊಂಡ ಗಂಡಸರ ತಲೆ ಬೋಳಾಗುವುದಿಲ್ಲ, ಅವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ವಂಶದಲ್ಲಿ ಆ ಒಲವು ಇದ್ದವರಿಗೆ ಕೂದಲು ಉದುರುತ್ತದೆ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ವಂಶವಾಹಿಯೂ ಬೇಕು, ಹಾರ್ಮೋನೂ ಬೇಕು. ಆದರೆ ಕುರಿಯ ಮೂರು–ಒಂದರ ಲೆಕ್ಕ ಇಲ್ಲಿ ನಡೆಯದು. ಹಳೆಯ ಪಠ್ಯಗಳು ಒಂದೇ ವಂಶವಾಹಿ ಎಂದಿದ್ದವು, ಈಗ ಹಲವಾರು ಸಿಕ್ಕಿವೆ. ಮುಖ್ಯವಾದದ್ದೊಂದು ಎಕ್ಸ್ ವರ್ಣತಂತುವಿನಲ್ಲಿದ್ದು ತಾಯಿಯಿಂದ ಮಗನಿಗೆ ಬರುತ್ತದೆ, ಉಳಿದವು ತಂದೆಯಿಂದಲೂ ಬರಬಹುದು. ಹಾಗಾಗಿ ‘ತಾಯಿಯ ತಂದೆಯ ತಲೆ ನೋಡಿದರೆ ಸಾಕು’ ಎಂಬ ಮಾತು ಅರ್ಧ ಸತ್ಯವಷ್ಟೇ.

‘ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲ’ ಎಂಬುದಂತೂ ಸುಳ್ಳು. ಅವರಲ್ಲಿ ಹಣೆಯಂಚು ಸಾಮಾನ್ಯವಾಗಿ ಹಾಗೇ ಉಳಿದು, ಬೈತಲೆ ಅಗಲವಾಗುತ್ತ ನೆತ್ತಿ ತೆಳುವಾಗುತ್ತದೆ. ಜೊತೆಗೆ ಮುಟ್ಟು ಏರುಪೇರಾಗಿದ್ದರೆ ಅಥವಾ ಮುಖದಲ್ಲಿ ಕೂದಲು ಹೆಚ್ಚುತ್ತಿದ್ದರೆ, ಎಣ್ಣೆ ಬದಲಿಸುತ್ತ ಕೂರದೆ ವೈದ್ಯರಲ್ಲಿ ಹಾರ್ಮೋನು ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುತ್ತದೆ, ಅವಕ್ಕೆ ಚಿಕಿತ್ಸೆ ಇದೆ.