ಶೆಟ್ಟಿಹಳ್ಳಿ ಚರ್ಚಿಗೆ ರಜೆ ಕೊಡಿ, ಲೊಕೇಶನ್‌ಗೆ ಕಿವಿ ಕೊಡಿ

1

ಈ ರಜೆಯಲ್ಲೂ ನಮ್ಮ ಕ್ಲಾಸಿಂದ ಕನಿಷ್ಠ ಮೂರು ಶಾರ್ಟ್ ಫಿಲಂ ಬರುತ್ತೆ. ಮೂರರಲ್ಲೂ ಶೆಟ್ಟಿಹಳ್ಳಿ ಚರ್ಚ್ ಇರುತ್ತೆ. ಬೇಕಾದ್ರೆ ಬರೆದಿಟ್ಕೊಳ್ಳಿ. ಹೀರೋ ಕಮಾನಿನ ಕೆಳಗೆ ನಡೀತಾನೆ, ಹಿಂದೆ ಗೊರೂರು ಹಿನ್ನೀರು, ಕೊನೆಗೊಂದು ಡ್ರೋನ್ ಶಾಟ್.

ಜಾಗ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಇಬ್ಬರು ಕೂತು ಮಾತಾಡೋ ಕಥೆಗೆ, ಕೈಯಲ್ಲಿ ಒಂದು ಫೋನು, ಒಂದು ಕಾಲರ್ ಮೈಕು ಬಿಟ್ರೆ ಏನೂ ಇಲ್ಲದ ನಮ್ಮಂಥವರಿಗೆ, ಇಡೀ ಜಿಲ್ಲೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಹುಡುಕೋದು ಕಷ್ಟ ಅಂತ ಹೇಳ್ತಿದ್ದೀನಿ.

ಯಾಕೆ ಅಂದ್ರೆ ಮೇಲೆ ಸೂರಿಲ್ಲ. ನೀರಿನ ಮೇಲಿಂದ ಬರೋ ಗಾಳಿ ನೇರ ಮೈಕಿಗೆ ಬಡಿಯುತ್ತೆ, ಆ ಗುಡುಗುಡು ಆಮೇಲೆ ಎಡಿಟಿಂಗಲ್ಲಿ ಹೋಗಲ್ಲ. ಭಾನುವಾರ ಹೋದ್ರೆ ಪ್ರೀ-ವೆಡ್ಡಿಂಗ್ ಜೋಡಿಗಳ ಡ್ರೋನ್ ಸದ್ದು ಬೇರೆ. ಇನ್ನೂ ದೊಡ್ಡ ತೊಂದರೆ ನೀರಿನದೇ. ಮಳೆ ಚೆನ್ನಾಗಿ ಆದ ವರ್ಷ ಚರ್ಚು ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ಒಣ ನೆಲದ ಮೇಲೆ ನಿಂತಿರುತ್ತೆ. ಜುಲೈಲಿ ಒಂದು ಶಾಟ್ ಬಾಕಿ ಉಳಿಸ್ಕೊಂಡು ಬಂದ್ರೆ ಆಗಸ್ಟಲ್ಲಿ ಆ ಜಾಗವೇ ಇರಲ್ಲ ಕಣ್ರೋ.

2

"ಡಬ್ಬಿಂಗ್ ಮಾಡ್ಕೊಂಡ್ರಾಯ್ತು ಬಿಡು ಮಗಾ" ಅಂತೀರಿ. ಗೊತ್ತು, ಕನ್ನಡ ಸಿನಿಮಾ ದಶಕಗಳ ಕಾಲ ಡಬ್ಬಿಂಗಲ್ಲೇ ಬದುಕಿದೆ. ಆದ್ರೆ ಅವರ ಹತ್ರ ಸ್ಟುಡಿಯೋ ಇತ್ತು, ತುಟಿ ನೋಡ್ಕೊಂಡು ಮಾತು ಕೂರಿಸೋ ಅನುಭವ ಇದ್ದ ಕಲಾವಿದರಿದ್ರು. ನಿಮ್ಮ ಹೀರೋ ರಜೆ ಮುಗಿದ ಮೇಲೆ ಬೆಂಗಳೂರಿಗೆ ಹೋಗಿರ್ತಾನೆ. ತಾಯಿ ಪಾತ್ರ ಮಾಡಿದ ಅತ್ತೆಗೆ ಅದೇ ಮಾತನ್ನ ಅದೇ ಓಟದಲ್ಲಿ ಇನ್ನೊಂದ್ಸಲ ಹೇಳಿ ಅಂದ್ರೆ ಬರಲ್ಲ, ಅದು ಅವರ ತಪ್ಪೂ ಅಲ್ಲ. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದ 'ತಿಥಿ' ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಹಳ್ಳಿಯದು, ನಟಿಸಿದವರು ಅಲ್ಲಿನ ಜನರೇ. ಅಂಥವರ ಮಾತನ್ನ ಅದು ಬಂದ ಕ್ಷಣದಲ್ಲೇ ಹಿಡೀಬೇಕು. ಹಾಗಾಗಿ ಜಾಗ ಆರಿಸೋದು ಅಂದ್ರೆ ಮೊದಲು ಸದ್ದು ಆರಿಸೋದು.

ಹೊಳೆನರಸೀಪುರದ ಹೇಮಾವತಿ ದಂಡೆ ನೋಡಿ. ಎಂಥ ಪ್ರಶಾಂತ ಅನ್ಸುತ್ತೆ. ಆದ್ರೆ ಹರಿಯೋ ನೀರು ಒಂದೇ ಸಮ ಶ್ ಅಂತಿರುತ್ತೆ, ಆ ಸದ್ದು ಮಾತಿನ ಮೇಲೇ ಕೂರುತ್ತೆ. ಮೈಕ್ ಸ್ವಲ್ಪ ತಿರುಗಿದ್ರೂ ಸದ್ದು ಬದಲಾಗುತ್ತೆ, ಎರಡು ಶಾಟ್ ಜೋಡಿಸಿದ್ರೆ ಕಟ್ ಆದ ಕಡೆ ಎದ್ದು ಕೇಳುತ್ತೆ. ಮೇಲೆ ಗೊರೂರಲ್ಲಿ ನೀರು ಬಿಟ್ರಂತೂ ನಿನ್ನೆಯ ಹೊಳೆಯೇ ಬೇರೆ, ಇವತ್ತಿನದೇ ಬೇರೆ.

ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ ಬನ್ನಿ. ಹೈವೇ ದೂರ ಇದೆ, ಗರಿ ಸದ್ದು ಬಿಟ್ರೆ ಏನಿಲ್ಲ, ಸೂಪರ್ ಅಂತ ವಾಪಸ್ ಬಂದಿರ್ತೀರಿ. ಶೂಟಿಂಗ್ ದಿನ ತ್ರೀ ಫೇಸ್ ಕರೆಂಟ್ ಬರುತ್ತೆ. ಆಟೋ ಸ್ಟಾರ್ಟರ್ ಇರೋ ಬೋರ್‌ವೆಲ್ ಮೋಟರೆಲ್ಲ ಒಟ್ಟಿಗೆ ಗುಂಯ್ ಅನ್ನುತ್ತೆ. ಪಂಪಿನ ಕರೆಂಟು ಪಾಳಿ ಮೇಲೆ ಬರೋದು, ಪಾಳಿ ಬದಲಾಗ್ತಾನೂ ಇರುತ್ತೆ. ತೋಟದವರನ್ನ "ಅಣ್ಣ, ಬರೋ ವಾರ ಕರೆಂಟ್ ಯಾವ ಟೈಮಿಗೆ?" ಅಂತ ಒಂದು ಮಾತು ಕೇಳಿದ್ರೆ ಸಾಕು. ಯಾವ ಲೊಕೇಶನ್ ಆ್ಯಪೂ ಇದನ್ನ ಹೇಳಲ್ಲ.

3

ಹಾಗಾದ್ರೆ ಎಲ್ಲಿ ತೆಗಿಬೇಕು? ಅರಕಲಗೂಡು ಕಡೆ ಯಾರದೋ ನೆಂಟರ ಹಳೇ ತೊಟ್ಟಿ ಮನೆ ಇದ್ದೇ ಇರುತ್ತೆ. ತಾಯಿ, ಮಗ, ನಾಲ್ಕು ನಿಮಿಷದ ಮಾತು, ಏಪ್ರಿಲ್ ಕೊನೆ ವಾರ ಶೂಟಿಂಗ್ ಅಂದ್ಕೊಳ್ಳಿ. ಅಲ್ಲಿ ರೈಲಿನ ಸದ್ದಿಲ್ಲ, ತಾಲ್ಲೂಕು ಕೇಂದ್ರಕ್ಕೆ ರೈಲೇ ಇಲ್ಲ. ಹಾಗಂತ ಕಣ್ಣು ಮುಚ್ಚಿ ಒಪ್ಕೋಬೇಡಿ.

ಶೂಟ್ ಮಾಡೋ ಅದೇ ಹೊತ್ತಿಗೆ, ಸಾಧ್ಯವಾದ್ರೆ ಅದೇ ವಾರದ ದಿನ ಹೋಗಿ. ಸಂತೆ ದಿನದ ಬೀದಿ ಬೇರೆ, ಬೇರೆ ದಿನದ ಬೀದಿ ಬೇರೆ. ನಟರು ಕೂರೋ ಜಾಗದಲ್ಲೇ ಮೈಕ್ ಇಟ್ಟು, ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ ಎರಡು ನಿಮಿಷ ರೆಕಾರ್ಡ್ ಮಾಡಿ. ಮೊದಲ ನಿಮಿಷ ಸುಮ್ನಿರಿ. ಎರಡನೇ ನಿಮಿಷ ಸ್ಕ್ರಿಪ್ಟಲ್ಲಿ ಅತಿ ಮೆತ್ತಗೆ ಹೇಳೋ ಮಾತನ್ನ ಅಷ್ಟೇ ಮೆತ್ತಗೆ, ನಡುನಡುವೆ ನಿಲ್ಲಿಸಿ ಹೇಳಿ. ಬರೀ ಮೌನ ಕೇಳಿ ತೀರ್ಮಾನ ಮಾಡಬೇಡಿ, ಫೋನು ತಾನೇ ವಾಲ್ಯೂಮ್ ಏರಿಸಿ ಇಳಿಸಿ ಮೋಸ ಮಾಡುತ್ತೆ. ಇಯರ್‌ಫೋನಲ್ಲಿ ಕೇಳುವಾಗ ಮಾತು ನಿಂತ ಕಡೆ ಹಿಂದಿನ ಸದ್ದು ಬುಸ್ ಅಂತ ಮೇಲೆದ್ರೆ ಆ ಜಾಗ ನಿಮ್ಮ ಮೈಕಿಗೆ ಆಗಲ್ಲ.

ಫ್ರಿಡ್ಜ್, ಫ್ಯಾನ್ ಸದ್ದಾದ್ರೆ ಆಫ್ ಮಾಡಬಹುದು. (ಬೈಕ್ ಕೀನ ಫ್ರಿಡ್ಜ್ ಒಳಗೇ ಇಡಿ, ವಾಪಸ್ ಆನ್ ಮಾಡೋದು ಮರೆಯಲ್ಲ. ಇಲ್ಲಾಂದ್ರೆ ಮನೆಯವರ ಹಾಲು ಒಡೆಯುತ್ತೆ, ಮುಂದಿನ ಸಲ ಬಾಗಿಲು ತೆಗಿಯಲ್ಲ.) ಬಸ್ ಹೋದ್ರೆ ಕಾಯಬಹುದು. ಪಕ್ಕದಲ್ಲೇ ಹಿಟ್ಟಿನ ಗಿರಣಿ ಇದ್ರೆ ಅದು ಮುಚ್ಚೋ ಹೊತ್ತು ಕೇಳ್ಕೊಳ್ಳಿ, ಹೊಂದಲ್ಲ ಅಂದ್ರೆ ಮನೆ ಬದಲಾಯಿಸಿ.

ಈಗ ಬೆಳಕು. ಏಪ್ರಿಲ್ ಕೊನೆಯಲ್ಲಿ ನಮ್ಮ ಜಿಲ್ಲೆಗೆ ಸೂರ್ಯ ನೆತ್ತಿ ಮೇಲೇ ಬರ್ತಾನೆ, ಅದೂ 12ಕ್ಕಲ್ಲ, ಹತ್ತತ್ರ 12:25ಕ್ಕೆ. ಅಂಗಳದಲ್ಲಿ ನಿಲ್ಲಿಸಿದ್ರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ ಕಾಣ್ಸುತ್ತೆ. ತೊಟ್ಟಿಯ ಸೂರಿನ ಅಂಚು ನೆಲದಿಂದ ಎಂಟು ಅಡಿ ಇದ್ರೆ, ಆ ಹೊತ್ತಲ್ಲಿ ನೆಲದ ಮೇಲಿನ ಬಿಸಿಲು ಗಂಟೆಗೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತೆ. ಎರಡು ಗಂಟೆ ಶೂಟ್ ಮಾಡಿದ್ರೆ ನಾಲ್ಕಡಿಗೂ ಮೇಲೆ. ಪಶ್ಚಿಮದ ಜಗಲಿ ಮೇಲೆ ಮಗನ್ನ ಕೂರಿಸಿದ್ರೆ ಮೊದಲ ಶಾಟಲ್ಲಿ ಅವನ ಕಾಲ ಮೇಲೆ ಬಿಸಿಲು, ಮಾತು ಮುಗಿಯೋ ಹೊತ್ತಿಗೆ ನೆರಳು. ಅದೇ ಉತ್ತರದ ಜಗಲಿಗೋ ದಕ್ಷಿಣದ ಜಗಲಿಗೋ ಕೂರಿಸಿ. ಆ ವಾರ ಮಧ್ಯಾಹ್ನದ ನೇರ ಬಿಸಿಲು ಅಲ್ಲಿಗೆ ತಲುಪಲ್ಲ, ಅಂಗಳದ ನೆಲದಿಂದ ಪುಟಿದ ಮೆತ್ತನೆ ಬೆಳಕು ಮಾತ್ರ ಬರುತ್ತೆ, ಎರಡು ಗಂಟೆಯಲ್ಲಿ ಅದು ಹೆಚ್ಚೇನೂ ಬದಲಾಗಲ್ಲ. ಎಕ್ಸ್‌ಪೋಶರ್ ಲಾಕ್ ಮಾಡಿ ಕೂತ್ಕೊಳ್ಳಿ. ಮೂರರ ಮೇಲೆ ಮಾತ್ರ ನಂಬಬೇಡಿ, ಆ ಕಾಲದಲ್ಲಿ ಮೋಡ ಕಟ್ಟಿದ್ರೆ ಬೆಳಕೂ ಹೋಗುತ್ತೆ, ಹೆಂಚಿನ ಮೇಲೆ ಮಳೆ ಬಿದ್ರೆ ಸೌಂಡೂ ಹೋಗುತ್ತೆ.

ಡಿಸೆಂಬರ್‌ನಲ್ಲಿ ಇದೇ ಲೆಕ್ಕ ಹಾಕಬೇಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಅದೇ ಸೂರಿನ ಅಂಚು ದಾಟಿದ ಬಿಸಿಲು ಮಧ್ಯಾಹ್ನ ಹತ್ತತ್ರ ಆರು ಅಡಿ ಉತ್ತರಕ್ಕೆ ಹೋಗಿ ಬೀಳುತ್ತೆ. ಏಪ್ರಿಲ್‌ನಲ್ಲಿ ಆರಿಸಿದ ಉತ್ತರದ ಜಗಲಿ ಆಗ ಬಿಸಿಲಿನ ಜಾಗ.

4

ಪರ್ಮಿಷನ್. "ಸಣ್ಣ ಫೋನ್ ಶೂಟ್, ಯಾರ್ ಕೇಳ್ತಾರೆ" ಅನ್ನೋದು ನಮ್ಮ ಹುಡುಗರ ಮಂತ್ರ. ಮೊಸಳೆ, ದೊಡ್ಡಗದ್ದವಳ್ಳಿ, ನುಗ್ಗೇಹಳ್ಳಿ ದೇವಸ್ಥಾನಗಳು ಪುರಾತತ್ವ ಇಲಾಖೆಯವು. ಅಲ್ಲಿ ಫೋಟೋ ತೆಗಿಯೋದು ಬೇರೆ, ನಟರನ್ನ ನಿಲ್ಲಿಸಿ ಟ್ರೈಪಾಡ್ ಹಾಕೋದು ಬೇರೆ. ಸಿನಿಮಾ ಶೂಟಿಂಗಿಗೆ ಮೊದಲೇ ಅರ್ಜಿ ಹಾಕಿ, ಶುಲ್ಕ ಕಟ್ಟಿ ಲೈಸೆನ್ಸ್ ತಗೋಬೇಕು. ದುಡ್ಡಿಲ್ಲದವರಿಗೆ ಅದು ಜಾಗವೇ ಅಲ್ಲ. ರೈಲ್ವೆ ಪ್ಲಾಟ್‌ಫಾರಂ ಕೂಡ ಅಷ್ಟೇ.

ಮನೆ ಸುಲಭ ಅಂದ್ಕೊಂಡಿದ್ದೀರಾ? ಹಳೇ ತೊಟ್ಟಿ ಮನೆಗಳು ಅಣ್ಣ ತಮ್ಮಂದಿರಿಗೆ ಭಾಗ ಆಗಿರ್ತವೆ. ಪಡಸಾಲೆ ದೊಡ್ಡಪ್ಪಂದು, ಅಂಗಳ ಇಬ್ಬರದ್ದು, ಅಡುಗೆಮನೆ ಚಿಕ್ಕಪ್ಪಂದು. ಫ್ರೆಂಡು "ನಮ್ಮನೇನೇ ಬಾರೋ" ಅಂದ ಮಾತ್ರಕ್ಕೆ ಒಪ್ಪಿಗೆ ಆಗಲ್ಲ, ಕ್ಯಾಮೆರಾ ಇಟ್ಟಾಗ ಇನ್ನೊಂದು ಬಾಗಿಲಿಂದ "ಯಾರನ್ನ ಕೇಳಿ ಬಂದ್ರಿ?" ಅಂತ ಬರುತ್ತೆ. ಜಾಗ ನೋಡೋಕೆ ಹೋದ ದಿನವೇ ಎರಡೂ ಮನೆಯ ಹಿರಿಯರ ಹತ್ರ ಕೂತು, ಯಾವ ದಿನ, ಎಷ್ಟು ಹೊತ್ತಿಂದ ಎಷ್ಟು ಹೊತ್ತು, ಎಷ್ಟು ಜನ, ಯಾವ ಕೋಣೆ ಅಂತ ಹೇಳಿ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸ್ಕೊಳ್ಳಿ. ಕಥೆ ಏನಂತಲೂ ಹೇಳಿ, ಆಸ್ತಿ ಜಗಳದ ಕಥೆಯನ್ನ ಆಸ್ತಿ ಜಗಳ ಇರೋ ಮನೆಯಲ್ಲಿ ಮುಚ್ಚಿಟ್ಟು ತೆಗಿಯೋಕಾಗಲ್ಲ.

ಆಮೇಲೆ ಪಕ್ಕದ ಮನೆ ಅಜ್ಜಿಗೂ ಒಂದು ಮಾತು ಹೇಳಿ ಬನ್ನಿ. ಅವರು ಯಾವ ಹೊತ್ತಿಗೆ ಟಿವಿ ಹಾಕ್ತಾರೆ ಅಂತ ಆಗಲೇ ಗೊತ್ತಾಗುತ್ತೆ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಶಾರ್ಟ್‌ಫಿಲಂ